ಶುಕ್ರವಾರ, ಎವಾಂತುಎಲ್‌ಮಾಂ

ಫ್ರಾನ್ಸಿನ ಲಿಯೋನ್‌ಗೆ ಹೋದ ಎರಡನೇ ವಾರ ಆಫೀಸಿನಲ್ಲಿ ಒಂದು ಮೇಲ್ ಬಂತು. ಅದರಲ್ಲಿ ನನಗೆ ಅರ್ಥವಾಗಿದ್ದು ಇಷ್ಟು: ಸೋಮವಾರದಿಂದ ಶೆಫ್ ಅವರು ರೆಸಿಪಿ ಶುರು ಮಾಡ್ತಾರೆ, ಎಲ್ಲರೂ ಇರಬೇಕು.

ಬೆಂಗಳೂರಿನಲ್ಲಿ ಆರು ತಿಂಗಳು ಶನಿವಾರ, ಭಾನುವಾರ ಬಿಡದೆ ಫ್ರೆಂಚ್ ಕ್ಲಾಸಿಗೆ ಹೋಗಿದ್ದೆ. ಅಲ್ಲಿ ಕಲಿಸಿದ್ದು ಟ್ರೇನ್ ಟಿಕೆಟ್ ತಗೊಳ್ಳೋದು, ಬೇಕರಿಯಲ್ಲಿ ಬ್ರೆಡ್ ಕೇಳೋದು, ಅಡುಗೆ ಹೇಳೋದು. ಆ ಅಡುಗೆಯ ಪಾಠದಲ್ಲೇ ‘ರೆಸೆತ್’ ಅನ್ನೋ ಪದ ಬಂದಿತ್ತು. ರೆಸೆತ್ ಅಂದ್ರೆ ರೆಸಿಪಿ. ಜೊತೆಗೆ ಶೆಫ್ ಬೇರೆ ಇದ್ದಾರೆ. ಇನ್ನೇನು ಅನುಮಾನ? ಟೀಮ್ ಲಂಚ್ ಇರಬೇಕು, ಎಲ್ಲರೂ ಅವರವರ ಊರಿನದ್ದು ಏನಾದ್ರೂ ತರಬೇಕೇನೋ ಅಂದುಕೊಂಡು, ಅಮ್ಮ ಬಟ್ಟೆಗಳ ಮಧ್ಯೆ ಸುತ್ತಿ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯನ್ನು ಸೋಮವಾರ ಬ್ಯಾಗಿಗೆ ಹಾಕಿಕೊಂಡು ಹೋದೆ.

ಮೀಟಿಂಗ್ ರೂಮಿನಲ್ಲಿ ಪ್ರೊಜೆಕ್ಟರ್ ಹಾಕಿದರು. ಪರದೆಯ ಮೇಲೆ ಒಂದು ಎಕ್ಸೆಲ್ ಶೀಟು, ಅದರಲ್ಲಿ ನೂರಕ್ಕೂ ಹೆಚ್ಚು ಟೆಸ್ಟ್ ಕೇಸು. ಶೆಫ್ ಅಂದ್ರೆ ‘ಶೆಫ್ ದ ಪ್ರೊಜೆ’, ಪ್ರಾಜೆಕ್ಟ್ ಮ್ಯಾನೇಜರ್. ರೆಸೆತ್ ಅಂದ್ರೆ ನಾವು ಯುಎಟಿ ಅಂತೀವಲ್ಲ, ಅದು. ಉಪ್ಪಿನಕಾಯಿ ಬಾಟಲಿ ಬ್ಯಾಗಿನಲ್ಲೇ ಉಳಿಯಿತು. ಮೂರು ಗಂಟೆ ಅದರ ವಾಸನೆ ಹೊರಗೆ ಬರದಿರಲಿ ಅಂತ ಕೂತಿದ್ದೆ.

ಈಗ ಯೋಚಿಸಿದರೆ ಆ ಪದ ಎಷ್ಟು ಸರಿಯಾಗಿದೆ ಅನ್ನಿಸುತ್ತೆ. ‘ಪಡೆದುಕೊಳ್ಳು’ ಅನ್ನೋ ಕ್ರಿಯಾಪದದಿಂದ ಬಂದದ್ದು ಅದು. ಮಾಡಿಸಿದವನು ಮಾಡಿದವನ ಕೈಯಿಂದ ಕೆಲಸವನ್ನು ಪರೀಕ್ಷಿಸಿ ಪಡೆದುಕೊಳ್ಳೋದು. ಹೊಸ ಮನೆ ಕಟ್ಟಿಸಿದವರು ಕಂಟ್ರಾಕ್ಟರ್ ಜೊತೆ ರೂಮು ರೂಮು ಸುತ್ತಿ, ಇಲ್ಲಿ ಬಿರುಕಿದೆ, ಇಲ್ಲಿ ನಲ್ಲಿ ಸೋರ್ತಿದೆ ಅಂತ ಬರೆಸಿಕೊಂಡು ಕೀಲಿಕೈ ಇಸ್ಕೊಳ್ತಾರಲ್ಲ, ಹಾಗೆ. ಇದು ಬರೀ ನನ್ನ ಹೋಲಿಕೆಯಲ್ಲ. ದೊಡ್ಡ ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಅವರು ಮಾಡಿಸುವ ಕಡೆಯವರನ್ನು ‘ಮೆತ್ರೀಜ್ ದುವ್ರಾಜ್’ ಅಂತಲೂ, ಮಾಡುವ ಕಡೆಯವರನ್ನು ‘ಮೆತ್ರೀಜ್ ದೋವ್ರ್’ ಅಂತಲೂ ಕರೀತಾರೆ. ಎರಡೂ ಕಟ್ಟಡ ಕಟ್ಟುವವರ ಪದಗಳು. ಸ್ಲೈಡಿನಲ್ಲಿ `MOA`, `MOE` ಅಂತ ಕಂಡರೆ ಅದೇ. ಕೊನೆಯ ಒಂದಕ್ಷರದಲ್ಲಿ ದುಡ್ಡು ಕೊಡುವವರು ಯಾರು, ಬೈಸಿಕೊಳ್ಳುವವರು ಯಾರು ಅನ್ನೋದು ತೀರ್ಮಾನವಾಗುತ್ತೆ.

ರೆಸೆತ್‌ನಲ್ಲಿ ಸಿಕ್ಕಿದ ತಪ್ಪನ್ನು ಕಾಫಿ ಮಷಿನ್ ಹತ್ತಿರ ಎಲ್ಲರೂ ಬಗ್ ಅಂತಲೇ ಹೇಳ್ತಾರೆ, ಉಚ್ಚಾರ ‘ಬೋಗ್’ಗೆ ಹತ್ತಿರ. ಆದರೆ ದಾಖಲೆಗೆ ಹೋಗುವಾಗ ಅದು ‘ಅನೊಮಲಿ’ ಆಗುತ್ತೆ. ಅನೊಮಲಿಯಲ್ಲಿ ಬ್ಲೊಕಾಂತ್, ಮಜೋರ್, ಮಿನೋರ್ ಅಂತ ಮೂರು ದರ್ಜೆ. ಬ್ಲೊಕಾಂತ್ ಅಂದ್ರೆ ಅದು ಸರಿಯಾಗುವ ತನಕ ಮುಂದಿನದು ಯಾವುದೂ ಇಲ್ಲ. ಸಣ್ಣಪುಟ್ಟದ್ದು ಉಳಿದಿದ್ದರೆ ‘ರೆಜರ್ವ್ ಸಹಿತ’ ಒಪ್ಪಿಕೊಂಡೆವು, ಇಂತಿಂಥದ್ದನ್ನು ಇಂಥ ದಿನದೊಳಗೆ ಸರಿಮಾಡಿ ಕೊಡಬೇಕು ಅಂತ ಬರೆದು ಸಹಿ ಹಾಕ್ತಾರೆ. ಆ ಸಹಿಯ ಕಾಗದಕ್ಕೆ ಪೆ-ವೆ ಅಂತ ಹೆಸರು. ರಸ್ತೆಯಲ್ಲಿ ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದರೆ ಹಾಕುವ ದಂಡದ ಚೀಟಿಗೂ ಪೆ-ವೆ ಅಂತಲೇ ಅಂತಾರೆ. ನಮ್ಮ ಬಿಲ್ ಪಾಸಾಗೋದು ಈ ಪೆ-ವೆಯ ಮೇಲೆ.

ಹೋಗುವ ಮೊದಲು ನನಗೆ ಹೆದರಿಕೆ ಇದ್ದದ್ದು ಟೆಕ್ನಿಕಲ್ ಪದಗಳ ಬಗ್ಗೆ. ಫ್ರೆಂಚರು ಕಂಪ್ಯೂಟರಿಗೂ ಸ್ವಂತ ಹೆಸರಿಟ್ಟವರು. 1955ರಲ್ಲಿ ಐಬಿಎಂನ ಫ್ರಾನ್ಸ್ ಶಾಖೆ ತನ್ನ ಹೊಸ ಯಂತ್ರಕ್ಕೆ ಒಂದು ಹೆಸರು ಹೇಳಿ ಅಂತ ಜಾಕ್ ಪೆರೆ ಅನ್ನೋ ಲ್ಯಾಟಿನ್ ಪ್ರೊಫೆಸರನ್ನು ಕೇಳಿತು. ಅವರು ‘ಓರ್ದಿನಾತೋರ್’ ಅಂತ ಸೂಚಿಸಿ ಕಾಗದ ಬರೆದರು. ಹಳೆಯ ನಿಘಂಟಿನಲ್ಲಿ ಅದು ಜಗತ್ತಿಗೆ ಒಂದು ಕ್ರಮ ತಂದ ದೇವರಿಗೆ ಹೇಳುವ ವಿಶೇಷಣವಾಗಿತ್ತು. ಇವತ್ತಿಗೂ ಕಂಪ್ಯೂಟರಿಗೆ ಅಲ್ಲಿ ಅದೇ ಹೆಸರು. ಸಾಫ್ಟ್‌ವೇರಿಗೆ ‘ಲೊಜಿಸಿಯೆಲ್’, ಬೈಟಿಗೆ ‘ಓಕ್ತೆ’. ಹಾಗಾಗಿ ಅಂಗಡಿಯಲ್ಲಿ ಪೆನ್ ಡ್ರೈವ್ ಮೇಲೆ `64 GB` ಬದಲು `64 Go` ಅಂತ ಇರುತ್ತೆ. ಇಂಥವರ ಮಧ್ಯೆ ನಾನು ಬ್ರಾಂಚಿಗೆ, ಕಮಿಟ್‌ಗೆ, ಸರ್ವರಿಗೆ ಯಾವ ಯಾವ ಹೊಸ ಪದ ಕಲೀಬೇಕಪ್ಪಾ ಅಂತ ಚಿಂತೆ.

ಮೊದಲ ದಿನವೇ ಆ ಚಿಂತೆ ಅರ್ಧ ಹೋಯ್ತು. ಬೆಳಗ್ಗಿನ ಸ್ಟ್ಯಾಂಡಪ್ಪಿಗೆ ಅವರೂ ‘ಡೈಲಿ’ ಅಂತಾರೆ. ಸ್ಪ್ರಿಂಟ್, ಬ್ಯಾಕ್‌ಲಾಗ್, ಫ್ರೇಮ್‌ವರ್ಕ್, ಬ್ಯಾಕೆಂಡ್, ಕ್ಲೌಡ್ ಎಲ್ಲ ಹಾಗೇ. ನಾವು ಇಂಗ್ಲಿಷ್ ಪದ ತಗೊಂಡು ‘ಮಾಡು’ ಅಂಟಿಸ್ತೀವಿ: ಕಮಿಟ್ ಮಾಡ್ದೆ, ಪುಶ್ ಮಾಡ್ದೆ, ಮರ್ಜ್ ಮಾಡ್ದೆ. ಅವರು ಕೊನೆಗೆ ‘ಎ’ ಅಂಟಿಸ್ತಾರೆ: ಕೊಮಿತೆ, ಪುಶೆ, ಮೆರ್ಜೆ. ‘ಜೆ ಪುಶೆ’ ಅಂದ್ರೆ ಪುಶ್ ಮಾಡಿದೀನಿ. ಪಕ್ಕದ ಟೇಬಲ್ಲಿನವನ ಬಾಯಲ್ಲಿ ಇದನ್ನು ಕೇಳಿದಾಗ ನಮ್ಮೋರೇ ಅನ್ನಿಸಿ ಅಪ್ಪಿಕೊಳ್ಳೋ ಹಾಗಾಯ್ತು.

ನಮಗಿಲ್ಲದ ಒಂದು ಕಷ್ಟ ಅವರಿಗಿದೆ. ನಮ್ಮಲ್ಲಿ ಕಮಿಟ್ಟೂ ಅದು, ಸರ್ವರ್ರೂ ಅದು. ಅವರಲ್ಲಿ ಪ್ರತಿ ಪದವೂ ಗಂಡೋ ಹೆಣ್ಣೋ ಆಗಲೇಬೇಕು. ಕಮಿಟ್ ಗಂಡು, ಸ್ಪ್ರಿಂಟ್ ಗಂಡು, ಮರ್ಜ್ ರಿಕ್ವೆಸ್ಟ್ ಹೆಣ್ಣು, ಎಪಿಐ ಹೆಣ್ಣು. ಯಾಕೆ ಅಂತ ಕೇಳಿದರೆ, ರಿಕ್ವೆಸ್ಟ್‌ಗೆ ಹತ್ತಿರದ ಫ್ರೆಂಚ್ ಪದ ‘ರಕೆತ್’, ಅದು ಹೆಣ್ಣು. ಎಪಿಐನ ಕೊನೆಯಲ್ಲಿರೋದು ಇಂಟರ್‌ಫೇಸ್, ಅದೂ ಹೆಣ್ಣು. ಎಲ್ಲಕ್ಕೂ ಹೀಗೆ ಲೆಕ್ಕ ಹೊಂದುತ್ತೆ ಅಂತಲ್ಲ. ಆದರೆ ಇದೊಂದು ಸೂತ್ರ ಇಟ್ಟುಕೊಂಡರೆ ಹತ್ತರಲ್ಲಿ ಏಳೆಂಟು ಸಲ ಬಚಾವ್.

ಹಾಗಾದ್ರೆ ಸರ್ಕಾರ ಮಾಡಿದ ಪದಗಳು ಎಲ್ಲಿ ಹೋದವು? ಇಮೇಲಿಗೆ ‘ಕೂರಿಯೆಲ್’ ಅಂತ 2003ರಲ್ಲಿ ಗೆಜೆಟ್ಟಿನಲ್ಲೇ ಬಂತು. ಕೆನಡಾದ ಕೆಬೆಕ್‌ನಲ್ಲಿ ಹುಟ್ಟಿದ ಪದ ಅದು, ಅಲ್ಲಿ ಜನ ನಿಜಕ್ಕೂ ಬಳಸ್ತಾರೆ. ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳ್ತಿದ್ದದ್ದು ‘ಮೇಲ್’.

ಆದರೆ ಎರಡೇ ತಿಂಗಳಲ್ಲಿ ಒಂದು ಗೆರೆ ಕಾಣೋಕೆ ಶುರುವಾಯ್ತು. ಕೀಬೋರ್ಡಿನ ಹತ್ತಿರದ್ದೆಲ್ಲ ಇಂಗ್ಲಿಷ್. ದುಡ್ಡು, ಸಹಿ, ಒಪ್ಪಂದದ ಹತ್ತಿರದ್ದೆಲ್ಲ ಫ್ರೆಂಚ್. ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿಗೆ ‘ಕಾಯೆ ದೆ ಶಾರ್ಜ್’, ಎಸ್ಟಿಮೇಶನ್ನಿಗೆ ‘ಶಿಫ್ರಾಜ್’, ಪ್ರೊಡಕ್ಷನ್ನಿಗೆ ಹಾಕೋದಕ್ಕೆ ‘ಮೀಜ್ ಆಂ ಪ್ರೊದುಕ್ಸಿಯೋಂ’, ಚುಟುಕಾಗಿ `MEP`. ಇವಕ್ಕೆ ಯಾರೂ ಇಂಗ್ಲಿಷ್ ಬಳಸೋದನ್ನು ನಾನು ಕೇಳಲಿಲ್ಲ. ಇದರ ಹಿಂದೆ ಅಭ್ಯಾಸದ ಜೊತೆ ಕಾನೂನೂ ಇದೆ. 1994ರ ತೂಬೋಂ ಕಾಯ್ದೆ ಪ್ರಕಾರ, ನೌಕರನಿಗೆ ಕೆಲಸ ಮಾಡಲು ಬೇಕಾದ ದಾಖಲೆ ಫ್ರೆಂಚಿನಲ್ಲಿರಬೇಕು. ವಿದೇಶದಿಂದ ಬಂದ ದಾಖಲೆಗಳಿಗೆ ವಿನಾಯಿತಿ ಇದೆ. ಇದನ್ನು ಯಾರು ಕೇಳ್ತಾರೆ ಅಂದುಕೊಳ್ಳಬೇಡಿ. ವೈದ್ಯಕೀಯ ಉಪಕರಣ ಮಾಡುವ ಒಂದು ಅಮೆರಿಕನ್ ಕಂಪನಿಯ ಫ್ರೆಂಚ್ ಶಾಖೆಯ ಮೇಲೆ ಅಲ್ಲಿನ ನೌಕರರ ಕಡೆಯವರು ಕೇಸ್ ಹಾಕಿದರು. ಸಾಫ್ಟ್‌ವೇರು, ಅದರ ದಾಖಲೆಗಳು ಇಂಗ್ಲಿಷಿನಲ್ಲೇ ಇವೆ ಅನ್ನೋದು ದೂರು. 2006ರಲ್ಲಿ ವರ್ಸಾಯ್‌ನ ಮೇಲ್ಮನವಿ ನ್ಯಾಯಾಲಯ ಕಂಪನಿಗೆ ಐದು ಲಕ್ಷ ಯೂರೋಗೂ ಹೆಚ್ಚು ಕಟ್ಟಿಸಿತು. ನಮ್ಮ ಪ್ರಾಜೆಕ್ಟಿನ ಯೂಸರ್ ಮ್ಯಾನುಯಲ್ ಫ್ರೆಂಚಿನಲ್ಲೇ ಬೇಕು ಅಂತ ಕ್ಲೈಂಟ್ ಹಟ ಹಿಡಿದಾಗ ನಾನು ಗೊಣಗಿದ್ದೆ. ಆಮೇಲೆ ಗೊಣಗಲಿಲ್ಲ.

ಗೆರೆ ಎಲ್ಲಿ ಕಲಸಿಹೋಗುತ್ತೋ ಅಲ್ಲಿ ಹುಷಾರಾಗಿರಬೇಕು. ಅವರು ಕೊಟ್ಟ ಲ್ಯಾಪ್‌ಟಾಪ್ ಫ್ರೆಂಚಿನಲ್ಲಿತ್ತು. ಹಾಗಾಗಿ ಗಿಟ್ ಕೂಡ ಫ್ರೆಂಚ್ ಮಾತಾಡ್ತಿತ್ತು:

```
$ git status
Sur la branche main
rien à valider, la copie de travail est propre
```

ಬಾಯಲ್ಲಿ ‘ಕೊಮಿತೆ’ ಅನ್ನುವುದನ್ನು ಪರದೆ ‘ವಾಲಿದೆ’ ಅನ್ನುತ್ತೆ. ಕಮಿಟ್ ಮಾಡಲು ಏನೂ ಉಳಿದಿಲ್ಲ ಅನ್ನೋದು ಮೂರನೇ ಸಾಲಿನ ಅರ್ಥ. ಆದರೆ ಆಫೀಸಿನ ಮಾತಿನಲ್ಲಿ ವಾಲಿದೆ ಅಂದ್ರೆ ಪರೀಕ್ಷಿಸಿ ಒಪ್ಪೋದು. ಒಂದು ದಿನ ರೆಸೆತ್ ಮಾಡ್ತಿದ್ದಾಕೆ ಬಂದು ‘ಸೆ ವಾಲಿದೆ?’ ಅಂತ ಕೇಳಿದರು. ನಾನು ಪರದೆ ನೋಡಿ, ಎಲ್ಲ ಕಮಿಟ್ ಆಗಿದೆ, ‘ವೀ’ ಅಂದೆ. ಆಕೆ ಮೂರು ಟೆಸ್ಟ್ ಕೇಸಿನ ಮುಂದೆ ಓಕೆ ಹಾಕಿಬಿಟ್ಟರು. ಅರ್ಧ ಗಂಟೆಯಲ್ಲಿ ಗೊತ್ತಾಗಿ ತೆಗೆಸಿದೆವು, ಪುಣ್ಯ.

ಸರ್ವರ್ ಕ್ರ್ಯಾಶ್ ಆದರೆ ‘ಸಾ ಆ ಪ್ಲಾಂತೆ’ ಅಂತಾರೆ. ಪ್ಲಾಂತೆ ಅಂದ್ರೆ ಮೂಲದಲ್ಲಿ ಗಿಡ ನೆಡೋದು. ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯ, ‘ಇವತ್ತು ಯಾಕೆ ತಡ?’ ಅಂತ ಕೇಳಿದರು. ‘ಸರ್ವರ್ ನೆಟ್ಟು ಹೋಗಿತ್ತು ಅಪ್ಪಯ್ಯ’ ಅಂದೆ. ‘ನಮ್ಮಲ್ಲೂ ಈ ಸಲ ನೆಟ್ಟ ಅಡಿಕೆ ಸಸಿ ಅರ್ಧ ಹೋತು ಮಾರಾಯ’ ಅಂದರು. ನಮ್ಮಿಬ್ಬರ ವೃತ್ತಿಗಳು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

ಇನ್ನೊಂದು ‘ಇಶ್ಯೂ’. ಇಂಗ್ಲಿಷಿನ ಸ್ಪೆಲ್ಲಿಂಗೇ, ಆದರೆ ಫ್ರೆಂಚಿನಲ್ಲಿ ಅದರ ಅರ್ಥ ಹೊರಗೆ ಹೋಗುವ ದಾರಿ. ಮನೆ ಹತ್ತಿರದ ಓಣಿಯ ಬಾಯಲ್ಲಿ `Voie sans issue` ಅಂತ ಬೋರ್ಡು ಇತ್ತು. ಇಶ್ಯೂ ಇಲ್ಲದ ರಸ್ತೆ! ಎಂಥ ಒಳ್ಳೆಯ ರಸ್ತೆ ಅಂತ ಒಳಗೆ ಹೋದರೆ ಎದುರಿಗೆ ಗೋಡೆ.

ನಿಜವಾದ ಪೆಟ್ಟು ಕೊಡೋದು ಇಂಥ ಪದಗಳೇ, ಇಂಗ್ಲಿಷಿನ ವೇಷ ಹಾಕಿಕೊಂಡು ಬಂದವು. ಗೊತ್ತಿಲ್ಲದ ಪದ ಬಂದರೆ ಯಾರನ್ನಾದ್ರೂ ಕೇಳ್ತೀವಿ. ಗೊತ್ತಿದೆ ಅನ್ನಿಸಿದ ಪದವನ್ನು ಯಾರೂ ಕೇಳೋದಿಲ್ಲ. ಮೊದಲ ತಿಂಗಳು ಶೆಫ್ ನನ್ನನ್ನು ‘ದೆಲೆ ಎಷ್ಟು?’ ಅಂತ ಕೇಳಿದಾಗ, ಡಿಲೇ ಅಂದುಕೊಂಡು ನನಗೆ ಮುಖ ಕೆಂಪಾಗಿತ್ತು. ನಾವು ಇನ್ನೂ ಶುರುವೇ ಮಾಡಿಲ್ಲ, ತಡ ಎಲ್ಲಿಂದ ಬಂತು ಅಂತ ವಾದಕ್ಕೇ ಇಳಿದೆ. ದೆಲೆ ಅಂದ್ರೆ ಎಷ್ಟು ದಿನ ಬೇಕು ಅನ್ನೋದು. ತಡಕ್ಕೆ ಬೇರೆ ಪದ ಇದೆ, ‘ರತಾರ್’. ಶೆಫ್ ನಕ್ಕು ಬಿಟ್ಟರು.

ನಗು ಬರದ ಒಂದು ಪ್ರಸಂಗ ಇದೆ. ಅದನ್ನು ಹೇಳಬೇಕು ಅಂತಲೇ ಇಷ್ಟೆಲ್ಲ ಬರೆದೆ.

ನಮ್ಮದು ಬಿಲ್ಲಿಂಗ್ ಅಪ್ಲಿಕೇಶನ್. ಕ್ಲೈಂಟಿನ ಅಕೌಂಟ್ಸ್‌ನವರು ಎಕ್ಸೆಲ್‌ನಿಂದ ತೆಗೆದ ಫೈಲನ್ನು ನಮ್ಮ ಸಿಸ್ಟಮ್ಮಿಗೆ ಹಾಕ್ತಾರೆ. ಫ್ರೆಂಚರಿಗೆ ದಶಮಾಂಶಕ್ಕೆ ಚುಕ್ಕಿ ಅಲ್ಲ, ಕಾಮಾ. ಕಾಮಾ ಅದಕ್ಕೆ ಖರ್ಚಾದ್ದರಿಂದ ಸಿಎಸ್‌ವಿ ಫೈಲಿನ ಕಾಲಂಗಳ ಮಧ್ಯೆ ಸೆಮಿಕೋಲನ್. ಬೆಂಗಳೂರಿನಲ್ಲಿ ನಾವು ಸೆಮಿಕೋಲನ್ನಿಗೇನೋ ಕೋಡ್ ಬರೆದಿದ್ದೆವು. ಆದರೆ ಮೊತ್ತ ಓದುವ ಕಡೆ ಕಾಮಾವನ್ನು, ನಾವು ಸಾವಿರ ಲಕ್ಷಕ್ಕೆ ಹಾಕುವ ಕಾಮಾ ಅಂತ ತಿಳಿದು ಕಿತ್ತುಹಾಕ್ತಿದ್ದೆವು.

```
F-118;12,50   ->   1250
```

ಹನ್ನೆರಡೂವರೆ ಯೂರೋ ಬಿಲ್ಲು ಸಾವಿರದ ಇನ್ನೂರ ಐವತ್ತು. ರೆಸೆತ್‌ನಲ್ಲಿ ಸಿಕ್ಕಿಬಿತ್ತು. ಅನೊಮಲಿ ಬ್ಲೊಕಾಂತ್. ಬುಧವಾರ ಬೆಂಗಳೂರಿನ ಟೀಮ್ ಸರಿ ಮಾಡಿ ಕಳಿಸಿತು, ಕ್ಲೈಂಟ್ ಇನ್ನೊಮ್ಮೆ ಪರೀಕ್ಷಿಸಬೇಕಿತ್ತು. ಗುರುವಾರ ಮಧ್ಯಾಹ್ನ ಶೆಫ್ ಮೇಲ್ ಬಂತು. ಒಂದು ಬ್ಲೊಕಾಂತ್ ಇನ್ನೂ ತೆರೆದಿದೆ. ಎಂಇಪಿ ಶುಕ್ರವಾರ ಸಂಜೆ, ಎವಾಂತುಎಲ್‌ಮಾಂ.

ಬರಹದಲ್ಲಿ ನೋಡಿದರೆ ಅದು ಇಂಗ್ಲಿಷಿನ ‘ಇವೆಂಚುಯಲಿ’ಯ ಅಕ್ಕನೋ ತಂಗಿಯೋ ಅನ್ನಬೇಕು. ಕೊನೆಗೂ ಶುಕ್ರವಾರ ಅಂತ ತೀರ್ಮಾನ ಆಯ್ತು ಅಂತ ಓದಿಕೊಂಡೆ. ಐದು ನಿಮಿಷದಲ್ಲಿ ಬೆಂಗಳೂರಿಗೆ ಮೇಲ್ ಹಾಕಿದೆ: ಶುಕ್ರವಾರ ರಾತ್ರಿ ರಿಲೀಸ್ ಪಕ್ಕಾ, ಮೂವರೂ ಆಫೀಸಿನಲ್ಲಿರಬೇಕು.

ಮೂವರಲ್ಲಿ ಒಬ್ಬ ಹಾವೇರಿ ಕಡೆಯ ಹುಡುಗ. ಆ ಪಾರ್ಸರ್ ಬರೆದವನು ಅವನೇ, ಅವನಿಲ್ಲದೆ ನಡೆಯೋ ಹಾಗಿರಲಿಲ್ಲ. ಶನಿವಾರ ಬೆಳಗ್ಗೆ ಊರಿನಲ್ಲಿ ಅವನ ತಂಗಿಯ ನಿಶ್ಚಿತಾರ್ಥ. ಶುಕ್ರವಾರ ರಾತ್ರಿ ಒಂಬತ್ತೂವರೆ ಬಸ್ಸಿಗೆ ಸೀಟ್ ಬುಕ್ ಆಗಿತ್ತು. ಫೋನ್ ಮಾಡಿ, ‘ಅಣ್ಣಾರ, ಖರೇನ ಐತೇನ್ರಿ ರಿಲೀಸು?’ ಅಂತ ಕೇಳಿದ. ‘ಐತಪ್ಪ, ಬರವಣಿಗೆಯಲ್ಲೇ ಬಂದಿದೆ’ ಅಂದೆ. ಟಿಕೆಟ್ ಕ್ಯಾನ್ಸಲ್ ಮಾಡಿದ.

ಶುಕ್ರವಾರ ಲಿಯೋನ್‌ನಲ್ಲಿ ಸಂಜೆ ಆರಾಯ್ತು. ಬೆಂಗಳೂರಿನಲ್ಲಿ ಒಂಬತ್ತೂವರೆ. ಶೆಫ್ ಕೋಟು ಹಾಕಿಕೊಂಡು ಹೊರಟಿದ್ದರು. ‘ರಿಲೀಸು?’ ಅಂದೆ. ‘ಪೆ-ವೆಗೆ ಸಹಿ ಆಗಿಲ್ಲವಲ್ಲ, ಸೋಮವಾರ ನೋಡೋಣ. ಎವಾಂತುಎಲ್‌ಮಾಂ ಅಂತ ಬರೆದಿದ್ದೆನಲ್ಲ?’ ಅಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಆಶ್ಚರ್ಯ ಇತ್ತು. ಆ ಪದಕ್ಕೆ ಅರ್ಥ ‘ಆದರೆ ಆಗಬಹುದು’ ಅಂತ. ಸಂದರ್ಭ ಕೂಡಿ ಬಂದರೆ ಮಾತ್ರ. ಪದ ಗೊತ್ತಿಲ್ಲದಿದ್ದರೂ ಚಿಂತೆ ಇರಲಿಲ್ಲ. ಅದೇ ಮೇಲ್‌ನ ಮೊದಲ ಸಾಲಲ್ಲಿ ಬ್ಲೊಕಾಂತ್ ತೆರೆದಿದೆ ಅಂತ ಇತ್ತು. ಬ್ಲೊಕಾಂತ್ ಇದ್ದರೆ ಪೆ-ವೆ ಇಲ್ಲ, ಪೆ-ವೆ ಇಲ್ಲದೆ ಎಂಇಪಿ ಇಲ್ಲ. ಎರಡು ಸಾಲನ್ನು ಒಟ್ಟಿಗೆ ಓದಿದ್ದರೆ ಸಾಕಿತ್ತು.

ಬೆಂಗಳೂರಿಗೆ ಫೋನ್ ಮಾಡಿ ನಾನು ಹೇಳಿದ್ದು, ‘ಕ್ಲೈಂಟ್ ಕೊನೇ ಗಳಿಗೆಯಲ್ಲಿ ಪ್ಲಾನ್ ಚೇಂಜ್ ಮಾಡಿದ್ರು’ ಅಂತ. ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂದ್ರೆ ನನಗೇ ಅದು ನಿಜ ಅನ್ನಿಸಿತು. ಮೂವರೂ ಫ್ರೆಂಚರನ್ನು ಬೈದರು. ನಾನೂ ಸೇರಿಕೊಂಡೆ. ಹುಡುಗ ಮೆಜೆಸ್ಟಿಕ್ಕಿಗೆ ಓಡಿದ. ವಾರಾಂತ್ಯ, ಒಂದು ಬಸ್ಸಿನಲ್ಲೂ ಜಾಗ ಇಲ್ಲ. ಮಧ್ಯರಾತ್ರಿ ದಾಟಿದ ಮೇಲೆ ದಾವಣಗೆರೆವರೆಗೆ ನಿಂತುಕೊಂಡು, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಊರು ಮುಟ್ಟುವಾಗ ತಾಂಬೂಲ ಬದಲಾಗಿ, ಬೀಗರು ಊಟಕ್ಕೆ ಕೂತಿದ್ದರಂತೆ.

ಆಮೇಲೆ ಅವರ ಮೇಲ್‌ಗಳನ್ನು ಬೇರೆ ಥರ ಓದೋಕೆ ಕಲಿತೆ. ಟೆಕ್ನಿಕಲ್ ಪದ ಬಿಟ್ಟು, ವಾಕ್ಯದ ಅಂಚಿನಲ್ಲಿರೋ ಪುಡಿ ಪದಗಳನ್ನು ಮೊದಲು ನೋಡ್ತಿದ್ದೆ. ‘ನೊರ್ಮಾಲ್‌ಮಾಂ ಬೆಳಗ್ಗೆ ಹತ್ತಕ್ಕೆ’ ಅಂದ್ರೆ ಎಲ್ಲ ಸರಿ ಹೋದರೆ ಹತ್ತಕ್ಕೆ. ಅಪ್ಪಯ್ಯ ‘ಮಳೆ ಬರದೇ ಇದ್ರೆ ನಾಳೆ ಕೊನೆಕೊಯ್ಲು’ ಅನ್ನೋ ಹಾಗೆ. ‘ಕ್ಲೈಂಟ್ ದಮಾಂದ್ ಮಾಡ್ತಿದಾರೆ’ ಅಂದ್ರೆ ಸುಮ್ಮನೆ ಕೇಳ್ತಿದಾರೆ ಅಂತ, ಡಿಮ್ಯಾಂಡ್ ಅಲ್ಲ. ‘ಅಕ್ತುಎಲ್‌ಮಾಂ’ ಅಂದ್ರೆ ಸದ್ಯಕ್ಕೆ ಅಂತ, ‘ಆಕ್ಚುಯಲಿ’ ಅಲ್ಲ. ಇವನ್ನೆಲ್ಲ ಒಂದು ಶೀಟಿನಲ್ಲಿ ಬರೆದು ಟೀಮಿಗೆ ಹಂಚುವ ಯೋಚನೆ ಬಂತು. ಶೀಟಿನ ಮೊದಲ ಸಾಲಿಗೆ ಯಾವ ಪದ ಹಾಕಬೇಕು ಅನ್ನೋದರಲ್ಲಿ ಅನುಮಾನವೇ ಇರಲಿಲ್ಲ. ಆದರೆ ಅದನ್ನು ಹಾಕಿದರೆ ಆ ಶುಕ್ರವಾರದ ಮೇಲ್ ಮೂವರ ಇನ್‌ಬಾಕ್ಸಿನಲ್ಲೂ ಇದೆ, ನನ್ನ ಮೇಲ್‌ನ ಕೆಳಗೇ. ಯಾರಾದ್ರೂ ತೆರೆದು ನೋಡಿದರೆ ಮುಗೀತು. ಹಾಗಾಗಿ ಆ ಒಂದು ಪದ ಬಿಟ್ಟು ಉಳಿದವನ್ನು ತುಂಬಿ, ಶೀಟು ಹಂಚದೆ ನಾಲ್ಕು ತಿಂಗಳು ಇಟ್ಟುಕೊಂಡೆ.

ವಾಪಸ್ ಬಂದ ಮೇಲೆ, ಕ್ಯಾಂಟೀನಿನಲ್ಲಿ ಅವನೊಬ್ಬನೇ ಸಿಕ್ಕಾಗ ಹೇಳಿದೆ. ನನ್ನ ಜಾಗಕ್ಕೆ ಲಿಯೋನ್‌ಗೆ ಹೊರಟಿದ್ದವನು ಅವನೇ. ಚಹಾದ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹಂಗಾರ ಅವ್ರು ಸರಿಯಾಗೇ ಬರದಿದ್ರೇನ್ರಿ?’ ಅಂದ. ಹೌದು ಅಂದೆ. ‘ನಾ ಅವ್ರನ್ನ ಎಷ್ಟ್ ಬೈದಿದ್ದೆ.’ ಮತ್ತೆ ಸುಮ್ಮನಾದ. ಆಮೇಲೆ, ‘ಆ ಶೀಟು ಕಳಸ್ರಿ’ ಅಂದ.

ಕಳಿಸಿದೆ. ಸಂಜೆ ತೆರೆದು ನೋಡಿದರೆ ಮೊದಲ ಸಾಲಿನಲ್ಲಿ ಅವನೇ ಆ ಪದ ಸೇರಿಸಿದ್ದ. ಅರ್ಥದ ಕಾಲಂನಲ್ಲಿ, ‘ಆದ್ರ ಆತು, ಇಲ್ಲಂದ್ರ ಇಲ್ಲ.’ ಅದರ ಮುಂದಿನ ರಿಮಾರ್ಕ್ಸ್ ಕಾಲಂನಲ್ಲಿ, ‘ಬಸ್ ಟಿಕೆಟ್ ಕ್ಯಾನ್ಸಲ್ ಮಾಡಬ್ಯಾಡ್ರಿ.’